ಪೀಠಿಕೆಗೆ ಒಂದು ಕಿವಿ

ನಮ್ಮ ಕಡೆ ಒಂದು ಮಾತಿದೆ: “ಪೀಠಿಕೆ ಸಾಕು, ವಿಷಯಕ್ಕೆ ಬನ್ನಿ.” ಕೈಸಾಲ ಕೇಳಲು ಬಂದವನು ಮಳೆ ಬೆಳೆಗಳ ಮಾತೆತ್ತಿದರೂ ಹೀಗೆಯೇ ಹೇಳುತ್ತೇವೆ, ಸಭೆಯಲ್ಲಿ ಭಾಷಣಕಾರರು ಗಂಟಲು ಸರಿಮಾಡಿಕೊಂಡು ಸುತ್ತಿ ಬಳಸಿ ಮಾತಾಡತೊಡಗಿದರೂ ಮನಸ್ಸಿನೊಳಗೆ ಹೀಗೆಯೇ ಹೇಳಿಕೊಳ್ಳುತ್ತೇವೆ. ಪೀಠಿಕೆಗೆ ಇಂಥ ಕೆಟ್ಟ ಹೆಸರು ಬಂದುದು ಅದು ಉದ್ದವಾಯಿತೆಂಬ ಒಂದೇ ಕಾರಣಕ್ಕಲ್ಲ. ಕೇಳುವವನಿಗೆ ತಾನು ಎಲ್ಲಿಗೆ ಹೊರಟಿದ್ದೇನೆಂಬುದು ತಿಳಿಯದೆ ಹೋಯಿತಲ್ಲ, ಅದಕ್ಕೆ. ಹಾಗೆ ತಿಳಿಯದೆ ಹೋಗುವ ಪೀಠಿಕೆಯೊಂದನ್ನು ನಾನೇ ಬರೆದಿದ್ದೆ. ಅದನ್ನು ಒಬ್ಬ ಗೆಳೆಯರ ಕಿವಿಗೆ ಹಾಕಿ, ಅವರಿಗೆ ಎಲ್ಲೆಲ್ಲಿ ತೊಡಕಾಯಿತೆಂದು ತಿಳಿದು, ತಿದ್ದಿಕೊಂಡ ಕಥೆಯನ್ನು ಈ ದಿನ ತಮ್ಮ ಮುಂದೆ ಇಡುತ್ತೇನೆ.

ಗುಬ್ಬಿ ತಾಲ್ಲೂಕಿನಲ್ಲಿ ಬಿದರೆಹಳ್ಳ ಕಾವಲ್ ಎಂಬ ಸ್ಥಳವಿದೆ. ಈಚಿನ ವರ್ಷಗಳಲ್ಲಿ ಅದರ ಹೆಸರು ಪತ್ರಿಕೆಗಳಲ್ಲಿ ಬಹಳ ಸಲ ಬಂದಿದೆ. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಗೆ ಅಲ್ಲಿ 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಆ ಸುತ್ತಿನ ಒಂದು ಊರಿನಲ್ಲಿ ರಾಜ್ಯೋತ್ಸವದ ಸಭೆ ಏರ್ಪಾಟಾಗಿತ್ತು. ಈ ಹೆಸರಿನ ವಿಚಾರವಾಗಿ ಅರ್ಧ ಗಂಟೆ ಮಾತಾಡಬೇಕೆಂದು ನನ್ನನ್ನು ಕೇಳಿದರು. ಪಂಡಿತನಾದವನಿಗೆ ಸ್ಥಳನಾಮದ ವಿಚಾರವೆಂದರೆ ಹಬ್ಬದೂಟ. ಆ ರಾತ್ರಿಯೇ ಕುಳಿತು ಪೀಠಿಕೆ ಬರೆದೆ. ಅದರ ಮೊದಲನೆಯ ವಾಕ್ಯವನ್ನು ತಾವು ಈಗ ಕೇಳಬೇಕು. ಒಂದೇ ಸಲ ಓದುತ್ತೇನೆ:

“ವೇಣುವನಸಮೃದ್ಧಿಯಿಂದ ಅನ್ವರ್ಥನಾಮವನ್ನು ಪಡೆದಿರಬಹುದಾದ, ಪೂರ್ವಕಾಲದಲ್ಲಿ ಗೋಚರಭೂಮಿಯಾಗಿದ್ದು, ಅಮೃತ ಮಹಲಿನಂತಹ ಸಂಸ್ಥೆಗಳ ಪೋಷಣೆಯಲ್ಲಿ ಬೆಳೆದ ಕಾವಲುಗಳ ಪರಂಪರೆಯನ್ನು ನೆನಪಿಗೆ ತರುವ, ಇಂದು 615 ಎಕರೆಗಳ ವಿಸ್ತೀರ್ಣದಲ್ಲಿ ಹೆಲಿಕಾಪ್ಟರ್ ಕಾರ್ಖಾನೆಗೆ ನೀಡಲ್ಪಟ್ಟಿರುವ ಬಿದರೆಹಳ್ಳ ಕಾವಲ್ ನಮ್ಮ ತಾಲ್ಲೂಕಿನ ಹೆಮ್ಮೆಯ ಸ್ಥಳವಾಗಿದೆ.”

ಬರೆದು ಮುಗಿಸಿದಾಗ ನನಗೆ ಇದರ ಮೇಲೆ ಬಹಳ ಪ್ರೀತಿ ಇತ್ತು. ಮಾರನೆಯ ದಿನ ಶಾಲೆಯಲ್ಲಿ ನನ್ನ ಹಾಗೆಯೇ ಪಂಡಿತ ಪರೀಕ್ಷೆ ಮಾಡಿದ ಸಹೋದ್ಯೋಗಿಯೊಬ್ಬರಿಗೆ ಹಾಳೆಯನ್ನು ಕೊಟ್ಟೆ. ಅವರು ಓದಿ, ಒಂದು ಕಡೆ ಸಮಾಸ ಸಡಿಲವಾಗಿದೆ ಎಂದರು. “ಗಂಭೀರವಾಗಿದೆ” ಎಂದು ಹೊಗಳಿದರು. ನನಗೆ ಸಂತೋಷವಾಯಿತು. ಆದರೆ ಆ ಪರೀಕ್ಷೆ ಪರೀಕ್ಷೆಯೇ ಅಲ್ಲ. ಅವರು ಕಣ್ಣಿನಿಂದ ಓದಿದರು. ಸಭೆಯವರು ಕಿವಿಯಿಂದ ಕೇಳುವವರು. ಅವರಿಗೆ ವೇಣು ಎಂದರೆ ಬಿದಿರೆಂದು ಗೊತ್ತು. ಓದುತ್ತ ತಪ್ಪಿದರೆ ಕಣ್ಣು ಹಿಂದಿನ ಸಾಲಿಗೆ ಹೋಗಿ ಬರುತ್ತದೆ. ಕಿವಿಗೆ ಹಿಂದಿನ ಸಾಲೆಂಬುದಿಲ್ಲ. ರೇಡಿಯೋ ಕೇಳುವ ತಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಗ ನೆನಪಾದವರು ನನ್ನ ಗೆಳೆಯರು. ಕೊಬ್ಬರಿ ವ್ಯಾಪಾರ ಮಾಡುವವರು. ಓದು ಬರಹ ಬಲ್ಲವರು, ದಿನಾ ಪತ್ರಿಕೆ ನೋಡುವವರು, ಆದರೆ ಹಳಗನ್ನಡದ ಗೊಡವೆ ಇಲ್ಲದವರು. ಸಭೆಗೆ ಬರುವ ನೂರು ಜನರಲ್ಲಿ ಎಂಬತ್ತು ಜನ ಇವರಂಥವರೇ. ಇನ್ನೊಂದು ಗುಣವೂ ಅವರಲ್ಲಿತ್ತು: ನನ್ನನ್ನು ಮೆಚ್ಚಿಸಬೇಕೆಂಬ ಹಂಗು ಅವರಿಗಿಲ್ಲ. ಕೊಬ್ಬರಿಯನ್ನು ಕೈಯಲ್ಲಿ ಹಿಡಿದು ನೋಡಿ “ಇದು ನಡೆಯೊಲ್ಲ” ಎನ್ನುವ ಹಾಗೆಯೇ ಮಾತನ್ನೂ ಹೇಳಬಲ್ಲವರು. ಪೀಠಿಕೆಯನ್ನು ಪರೀಕ್ಷಿಸಲು ಬೇಕಾದ ಗೆಳೆಯ ಇಂಥವನು: ಕೇಳುಗರ ಪೈಕಿಯವನಾಗಿರಬೇಕು, ದಾಕ್ಷಿಣ್ಯ ಕಡಮೆ ಇರಬೇಕು.

ಭಾನುವಾರ ಸಂಜೆ ಅವರ ಜಗಲಿಯ ಮೇಲೆ ಕುಳಿತೆವು. ನಾನು ಮೂರು ನಿಯಮಗಳನ್ನು ಇಟ್ಟುಕೊಂಡಿದ್ದೆ. ಹಾಳೆಯನ್ನು ಅವರ ಕೈಗೆ ಕೊಡಬಾರದು. ಓದುವ ಮುನ್ನ ಯಾವ ವಿವರಣೆಯನ್ನೂ ಹೇಳಬಾರದು, ಏಕೆಂದರೆ ಸಭೆಯಲ್ಲಿ ಪೀಠಿಕೆಗೆ ಇನ್ನೊಂದು ಪೀಠಿಕೆ ಹಾಕುವವರು ಯಾರೂ ಇರುವುದಿಲ್ಲ. ಸಭೆಯಲ್ಲಿ ಓದುವ ವೇಗದಲ್ಲೇ, ಒಂದೇ ಸಲ ಓದಬೇಕು. ಕೈಯಲ್ಲಿ ಒಂದು ಸೀಸದ ಕಡ್ಡಿ ಹಿಡಿದಿದ್ದೆ. ಓದುತ್ತಾ ಅವರ ಮುಖದ ಕಡೆ ನೋಡುತ್ತಾ, ಹುಬ್ಬು ಗಂಟಾದ ಕಡೆ ಹಾಳೆಯ ಅಂಚಿನಲ್ಲಿ ಒಂದೊಂದು ಚುಕ್ಕೆ ಇಟ್ಟೆ.

ಓದಿ ಮುಗಿಸಿದ ಮೇಲೆ ಅಭ್ಯಾಸಬಲದಿಂದ ಕೇಳಿಬಿಟ್ಟೆ: “ಅರ್ಥವಾಯಿತೇ?”

“ಆಯ್ತಲ್ಲ ಮೇಷ್ಟ್ರೇ, ಚೆನ್ನಾಗಿದೆ” ಎಂದರು.

ತರಗತಿಯಲ್ಲಿ ಮೂವತ್ತು ವರ್ಷ ಈ ಪ್ರಶ್ನೆ ಕೇಳಿ, ಮೂವತ್ತು ವರ್ಷವೂ “ಆಯ್ತು ಸಾರ್” ಎಂಬ ಉತ್ತರವನ್ನೇ ಪಡೆದವನು ನಾನು. ಆ ಉತ್ತರ ಎಷ್ಟು ಗಟ್ಟಿಯಾದುದೆಂಬುದು ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವಾಗ ಗೊತ್ತಾಗುತ್ತದೆ. ಆದ್ದರಿಂದ ಪ್ರಶ್ನೆಯನ್ನು ಬದಲಿಸಿದೆ. “ಹಾಗಾದರೆ ಯಜಮಾನರೇ, ಈಗ ನಾನು ಏನು ಓದಿದೆ ಎಂಬುದನ್ನು ನಿಮ್ಮ ಮಾತಿನಲ್ಲಿ ಹೇಳಿ. ಮನೆಯಲ್ಲಿ ಅಮ್ಮಾವರು ಕೇಳಿದರೆ ಏನು ಹೇಳುತ್ತೀರೋ ಹಾಗೆ ಹೇಳಿ.” ಇಷ್ಟು ಹೇಳಿ ಬಾಯಿ ಮುಚ್ಚಿಕೊಂಡೆ. ಈ ಕೆಲಸದಲ್ಲಿ ಅತ್ಯಂತ ಕಷ್ಟವಾದುದು ಈ ಬಾಯಿ ಮುಚ್ಚಿಕೊಳ್ಳುವುದು. ಗೆಳೆಯ ತಡವರಿಸಿದಾಗ “ಅಲ್ಲ, ನಾನು ಹೇಳಿದ್ದು ಏನೆಂದರೆ” ಎಂದು ನಾವು ನುಗ್ಗುತ್ತೇವೆ. ನುಗ್ಗಿದೆವೋ, ಪರೀಕ್ಷೆ ಅಲ್ಲಿಗೆ ಕೆಟ್ಟಿತು.

ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: “ಎಲ್ಲೋ ಒಂದು ಮಹಲಿತ್ತು. ಅರಮನೆ ಇರಬೇಕು. ಅದಕ್ಕೆ ಕಾವಲು ಇದ್ದರು. ಅದು ಕಣ್ಣಿಗೆ ಚೆನ್ನಾಗಿ ಕಾಣುವ ಜಾಗ. ಅದನ್ನು ಕಾರ್ಖಾನೆಗೆ ಕೊಟ್ಟುಬಿಟ್ಟರು. ಯಾರು ಕೊಟ್ಟರೋ ಗೊತ್ತಾಗಲಿಲ್ಲ. ಮೊದಲಿಗೆ ವೇಣು ಅಂದಿರಿ. ಕೃಷ್ಣನ ಕಥೆ ಏನೋ ಬರುತ್ತೆ ಅಂತ ಕಾದೆ, ಬರಲೇ ಇಲ್ಲ.”

ನಗು ಬಂದರೂ ನಗಲಿಲ್ಲ. ಅವರು ದಡ್ಡರಲ್ಲ, ನನ್ನ ವಾಕ್ಯ ಅವರ ಕೈಗೆ ಕೊಟ್ಟ ತುಂಡುಗಳನ್ನು ಜೋಡಿಸಿ ಒಂದು ಅರ್ಥ ಮಾಡಿಕೊಂಡಿದ್ದರು. ಮನೆಗೆ ಬಂದು ಹಾಳೆಯಲ್ಲಿ ಮೂರು ಕಲಂ ಗೆರೆ ಎಳೆದೆ. ಮೊದಲನೆಯದರಲ್ಲಿ ನಾನು ಹೇಳಿದ್ದು, ಎರಡನೆಯದರಲ್ಲಿ ಅವರು ಕೇಳಿದ್ದು, ಮೂರನೆಯದರಲ್ಲಿ ಕಾರಣ. ಹೀಗೆ ಬರೆದುಕೊಂಡಾಗ ಒಂದು ವಿಷಯ ಸ್ಪಷ್ಟವಾಯಿತು: ತೊಡಕುಗಳೆಲ್ಲ ಒಂದೇ ಜಾತಿಯವಲ್ಲ, ಆದ್ದರಿಂದ ಮದ್ದೂ ಒಂದೇ ಅಲ್ಲ.

ಮೊದಲನೆಯ ಜಾತಿ, ಗೊತ್ತಿಲ್ಲದ ಮಾತು. ಅನ್ವರ್ಥನಾಮ ಅಂಥದು. ಇದರಿಂದ ಹೆಚ್ಚು ಅಪಾಯವಿಲ್ಲ. ಕೇಳುಗನಿಗೆ ತನಗೆ ತಿಳಿಯಲಿಲ್ಲವೆಂಬುದು ತಿಳಿಯುತ್ತದೆ. ಎರಡನೆಯದು ಇದಕ್ಕಿಂತ ಕೆಟ್ಟದ್ದು: ಗೊತ್ತಿರುವ ಮಾತು, ಬೇರೆ ಅರ್ಥದಲ್ಲಿ. ಗೋಚರ ಎಂದರೆ ದನ ಮೇಯುವ ಜಾಗವೆಂದು ನಾನು ಬರೆದೆ. ಕಣ್ಣಿಗೆ ಕಾಣುವುದೆಂದು ಅವರು ಕೇಳಿದರು. ಕಾವಲ್ ಎಂದರೆ ಹುಲ್ಲುಗಾವಲೆಂದು ನಾನು, ಕಾವಲುಗಾರನೆಂದು ಅವರು. ಅಮೃತ ಮಹಲ್ ಎಂಬುದು ಮೈಸೂರು ದೊರೆಗಳ ದನಗಳನ್ನು ಸಾಕುತ್ತಿದ್ದ ಇಲಾಖೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದಕ್ಕೆ ಬೆಣ್ಣೆ ಚಾವಡಿ ಎಂಬ ಹೆಸರಿತ್ತು. ಅಮೃತ ಮಹಲ್ ಎಂದು ಕರೆದವನು ಟಿಪ್ಪು ಸುಲ್ತಾನ. ಇದು ಗೊತ್ತಿಲ್ಲದವರಿಗೆ ಮಹಲೆಂದರೆ ಉಪ್ಪರಿಗೆಯ ಮನೆಯೇ ಸರಿ. ಇಂಥ ಮಾತುಗಳಲ್ಲಿ ಕೇಳುಗನಿಗೆ ತಾನು ತಪ್ಪಿದ್ದೇನೆಂಬ ಅನುಮಾನವೇ ಬರುವುದಿಲ್ಲ. ಅದಕ್ಕೇ ಅವರು “ಆಯ್ತು, ಚೆನ್ನಾಗಿದೆ” ಎಂದದ್ದು. ತಿರುಗಿ ಹೇಳಿಸದಿದ್ದರೆ ಈ ತಪ್ಪು ಎಂದಿಗೂ ಹೊರಗೆ ಬೀಳುತ್ತಿರಲಿಲ್ಲ.

ಮೂರನೆಯದು ವಾಕ್ಯದ ಕಟ್ಟಿನ ದೋಷ. ಕನ್ನಡದಲ್ಲಿ ವಿಶೇಷಣ ಮೊದಲು, ವಿಶೇಷ್ಯ ಆಮೇಲೆ. ಕ್ರಿಯಾಪದ ಎಲ್ಲಕ್ಕೂ ಕೊನೆಗೆ. ಪಡೆದಿರಬಹುದಾದ, ನೆನಪಿಗೆ ತರುವ, ನೀಡಲ್ಪಟ್ಟಿರುವ ಎಂದು ಒಂದರ ಮೇಲೊಂದು ಪೇರಿಸಿದೆ. ಎಣಿಸಿ ನೋಡಿದರೆ, ಬಿದರೆಹಳ್ಳ ಎಂಬ ಹೆಸರು ಬರುವ ಮುಂಚೆ 21 ಪದಗಳು ಕಳೆದಿದ್ದವು. ಆ ಇಪ್ಪತ್ತೊಂದನ್ನೂ ಯಾವ ಗೂಟಕ್ಕೆ ಕಟ್ಟಬೇಕೆಂದು ತಿಳಿಯದೆ ಕೇಳುಗ ತಲೆಯ ಮೇಲೆ ಹೊತ್ತು ನಿಂತಿರಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಗೆಳೆಯರ ಹುಬ್ಬು ಗಂಟಾದದ್ದು 615 ಎಕರೆ ಎಂಬಲ್ಲಿ. ನನ್ನ ಚುಕ್ಕೆ ಅಲ್ಲೇ ಬಿದ್ದಿತ್ತು. ಅಂಕಿಯನ್ನು ತೆಗೆದರೆ ಸರಿಹೋದೀತೆಂದು ಮೊದಲು ತೋರಿತು. ಆದರೆ ಅಂಕಿಯ ತಪ್ಪೇನೂ ಇರಲಿಲ್ಲ. ಅಷ್ಟು ಹೊತ್ತಿಗೆ ಹೊರೆ ತುಂಬಿಹೋಗಿತ್ತು. ಎತ್ತು ಮಲಗಿದ ಕಡೆಯಲ್ಲೇ ಭಾರ ಹೇರಿದ್ದೆಂದು ತಿಳಿಯಬಾರದು. ಕೇಳುಗ ನಿಂತ ಜಾಗದಿಂದ ಒಂದೆರಡು ಹೆಜ್ಜೆ ಹಿಂದಕ್ಕೆ ಹೋಗಿ ಕಾರಣವನ್ನು ಹುಡುಕಬೇಕು.

ನಾಲ್ಕನೆಯದು, ಕರ್ತೃವಿಲ್ಲದ ಕ್ರಿಯೆ. ನೀಡಲ್ಪಟ್ಟಿರುವ ಎಂದೆ. ಯಾರು ನೀಡಿದರು? ಹಳ್ಳಿಯಲ್ಲಿ ಭೂಮಿಯ ಮಾತು ಬಂದಾಗ ಯಾರು ಕೊಟ್ಟರು, ಯಾರದ್ದನ್ನು ಕೊಟ್ಟರು ಎಂಬುದೇ ಮೊದಲನೆಯ ಪ್ರಶ್ನೆ. ಅದನ್ನು ವ್ಯಾಕರಣದ ಮರೆಯಲ್ಲಿ ನಿಲ್ಲಿಸಿದರೆ ಸಭೆ ಮುಂದಿನ ಅರ್ಧ ಗಂಟೆಯೂ ಅದನ್ನೇ ಯೋಚಿಸುತ್ತಿರುತ್ತದೆ.

ಐದನೆಯದು ನನ್ನ ಪಾಂಡಿತ್ಯದ ಚಪಲ. ಬಿದಿರಿನಿಂದ ಬಿದರೆ ಬಂದಿರಬಹುದೆಂಬ ಊಹೆಯನ್ನು ಮುಂದಿಟ್ಟೆ. ಆಮೇಲೆ ಭಾಷಣದಲ್ಲಿ ಎಲ್ಲೂ ಬಿದಿರಿನ ಮಾತಿಲ್ಲ. ಪೀಠಿಕೆಯಲ್ಲಿ ಬಂದದ್ದೆಲ್ಲ ಮುಂದೆ ಬರುತ್ತದೆಂದು ಕೇಳುಗ ನಂಬಿರುತ್ತಾನೆ. ಗೆಳೆಯರು ಕೊನೆಯವರೆಗೂ ವೇಣುವಿಗಾಗಿ ಕಾದದ್ದು ಇದಕ್ಕೇ. ಈ ಮಾತನ್ನು ಹೊಡೆದುಹಾಕುವಾಗ ನನಗೆ ಸ್ವಲ್ಪ ನೋವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಹಲಗೆ ಬಳಪ ಹಿಡಿಯದೆ, ಬರೆದದ್ದನ್ನು ಅಳಿಸದೆ ಕಾವ್ಯ ಕಟ್ಟಿದೆನೆಂದು ಹೇಳಿಕೊಳ್ಳುವ ಅಧಿಕಾರ ಕುಮಾರವ್ಯಾಸನಿಗಿತ್ತು. ನಮ್ಮಂಥವರು ಬಳಪಕ್ಕಿಂತ ಹೆಚ್ಚಾಗಿ ಒರಸುವ ಬಟ್ಟೆಯನ್ನು ಹಿಡಿದಿರಬೇಕು.

ಈಗ ತಿದ್ದುವ ಕೆಲಸ. ಇಲ್ಲಿ ನಾನು ಒಂದು ತಪ್ಪು ಮಾಡಿದೆ, ಅದನ್ನೂ ಹೇಳಬೇಕು. ಎದ್ದು ಬರುವಾಗ ಗೆಳೆಯರು ಸಲಹೆ ಕೊಟ್ಟಿದ್ದರು: “ಗೋಚರ ಪಾಚರ ಯಾಕೆ ಮೇಷ್ಟ್ರೇ? ಗೋಮಾಳ ಅನ್ನಿ, ಎಲ್ಲರಿಗೂ ತಿಳಿಯುತ್ತೆ.” ಚೆನ್ನಾದ ಮಾತೆಂದು ಎರಡನೆಯ ಕರಡಿನಲ್ಲಿ ಕಾವಲ್ ಎಂದರೆ ಗೋಮಾಳ ಎಂದೇ ಬರೆದೆ. ವಾಕ್ಯಗಳನ್ನು ಸಣ್ಣದು ಮಾಡಿದೆ. ಮತ್ತೆ ಅದೇ ಗೆಳೆಯರಿಗೆ ಓದಿದರೆ ಪ್ರಯೋಜನವಿರಲಿಲ್ಲ; ಅವರಿಗೆ ಈಗ ವಿಷಯ ಗೊತ್ತು, ಗೊತ್ತಿದ್ದವನಿಗೆ ಎಲ್ಲವೂ ಸ್ಪಷ್ಟ. ಆದ್ದರಿಂದ ಒಂಬತ್ತನೆಯ ತರಗತಿಯ ಹುಡುಗನೊಬ್ಬನನ್ನು ಕೂರಿಸಿ ಓದಿದೆ. ತಿರುಗಿ ಹೇಳೆಂದಾಗ ಅವನು ಸಲೀಸಾಗಿ ಹೇಳಿದ: “ಊರಿನ ದನ ಮೇಯೋ ಗೋಮಾಳನೆಲ್ಲಾ ಕಾರ್ಖಾನೆಗೆ ಕೊಟ್ಟುಬಿಟ್ಟರು ಸಾರ್.”

ಎದೆ ಝಲ್ಲೆಂದಿತು. ಗೋಮಾಳವೆಂದರೆ ಊರಿನವರ ದನಕರುಗಳಿಗೆಂದು ಬಿಟ್ಟ ನೆಲ. ಕಾವಲ್ ಎಂದರೆ ದೊರೆಗಳೋ ಸರ್ಕಾರವೋ ತಮ್ಮ ದನಗಳಿಗೆಂದು ಕಾದಿರಿಸಿದ ಬಯಲು. ಎರಡರಲ್ಲೂ ಹುಲ್ಲಿದೆ, ಎರಡರಲ್ಲೂ ದನ ಮೇಯುತ್ತದೆ. ಆದರೆ ಹಕ್ಕಿನ ಮಾತು ಬಂದಾಗ ಎರಡೂ ಬೇರೆ. ಆ ಸಭೆಯಲ್ಲಿ ಕುಳಿತವರು ದನ ಸಾಕುವವರು. ಅವರ ಮುಂದೆ ನಿಂತು, ನಿಮ್ಮ ಗೋಮಾಳವನ್ನು ಕೊಟ್ಟುಬಿಟ್ಟರು ಎಂಬ ಅರ್ಥ ಬರುವ ಹಾಗೆ ನಾನು ಮಾತಾಡಿದ್ದರೆ, ಇಲ್ಲದ ಜಗಳವೊಂದನ್ನು ಹುಟ್ಟಿಸಿ ಮನೆಗೆ ಬರುತ್ತಿದ್ದೆ. ಮಾತು ಸ್ಪಷ್ಟವಾಗಿತ್ತು; ಆದರೆ ಸುಳ್ಳಾಗಿತ್ತು. ಮೊದಲಿನ ಪೀಠಿಕೆಯಾದರೋ ಯಾರಿಗೂ ಅರ್ಥವಾಗದೆ ನಿರಪಾಯವಾಗಿತ್ತು!

ಆಗ ಕಲಿತದ್ದು ಇಷ್ಟು: ಗೆಳೆಯ ತನಗೆ ತೊಡಕಾಯಿತೆಂದರೆ ಅದನ್ನು ಹಾಗೆಯೇ ನಂಬಬೇಕು, ವಾದಿಸಬಾರದು. ಆದರೆ ಆ ತೊಡಕಿಗೆ ಅವನು ಹೇಳುವ ಮದ್ದನ್ನು ಕಣ್ಣು ಮುಚ್ಚಿ ಕುಡಿಯಬಾರದು. ನೋವು ಎಲ್ಲಿದೆ ಎಂದು ಹೇಳುವವನು ರೋಗಿ. ಔಷಧ ಕೊಡಬೇಕಾದವನು ವಿಷಯ ಬಲ್ಲವನು. ಹಾಗೆಯೇ, ನಾವು ಹೇಳಿದ್ದು ನಿಜವೋ ಅಲ್ಲವೋ ಎಂಬುದು ಗೆಳೆಯನ ಕಿವಿಯಿಂದ ಗೊತ್ತಾಗುವುದಿಲ್ಲ. ತಿಳಿಯಿತೋ ಇಲ್ಲವೋ ಎಂಬುದಷ್ಟೇ ಅಲ್ಲಿ ಗೊತ್ತಾಗುವುದು.

ಆ ಹುಡುಗ ಇನ್ನೊಂದು ಉಪಕಾರ ಮಾಡಿದ. ಅಲ್ಲಿ ತಯಾರಾಗುವ ಯಂತ್ರವನ್ನು ಲಘು ಹೆಲಿಕಾಪ್ಟರ್ ಎಂದು ಎರಡನೆಯ ಕರಡಿನಲ್ಲಿ ಸೇರಿಸಿದ್ದೆ. “ಲಘು ಅಂದರೆ ಛಂದಸ್ಸಿನಲ್ಲಿ ಬರುತ್ತಲ್ಲ, ಲಘು ಗುರು, ಅದೇನಾ ಸಾರ್?” ಎಂದ. ತಪ್ಪು ಅವನದಲ್ಲ, ಹಿಂದಿನ ವಾರವಷ್ಟೇ ನಾನೇ ಅವನಿಂದ ಪ್ರಸ್ತಾರ ಹಾಕಿಸಿದ್ದೆ. ಸುಮಾರು 3 ಟನ್ ತೂಕದ, ಒಂದೇ ಎಂಜಿನ್ನಿನ ಹೆಲಿಕಾಪ್ಟರ್ ಎಂದು ಬಿಡಿಸಿ ಹೇಳಬಹುದಿತ್ತು. ಆದರೆ ಅದು ಪೀಠಿಕೆಗೆ ಬೇಕಾದ ವಿವರವೇ ಅಲ್ಲ. ಅದನ್ನು ತೆಗೆದು ಭಾಷಣದ ಒಡಲಿಗೆ ಸಾಗಿಸಿದೆ. 2016ನೆಯ ಇಸವಿಯೂ 615 ಎಕರೆಯೂ ಅದರ ಜೊತೆಗೇ ಹೋದವು. ಪೀಠಿಕೆಗೆ ಒಂದು ಇಸವಿ ಸಾಕು.

ಮೂರನೆಯ ಕರಡು ಹೀಗಾಯಿತು. ಇದನ್ನೂ ಒಂದೇ ಸಲ ಓದುತ್ತೇನೆ:

“ಬಿದರೆಹಳ್ಳ ಕಾವಲ್. ಈ ಹೆಸರಿನ ಕೊನೆಯಲ್ಲಿ ಕಾವಲ್ ಎಂಬ ಮಾತಿದೆ. ಇಲ್ಲಿ ಕಾವಲ್ ಎಂದರೆ ಕಾವಲುಗಾರನಲ್ಲ. ದೊರೆಗಳು ತಮ್ಮ ದನಗಳು ಮೇಯಲೆಂದು ಕಾದಿರಿಸಿದ ಹುಲ್ಲಿನ ಬಯಲು. ಊರವರ ದನಗಳಿಗೆ ಬಿಟ್ಟ ಗೋಮಾಳ ಬೇರೆ, ಕಾವಲ್ ಬೇರೆ. ಹಳೆಯ ಮೈಸೂರು ಸೀಮೆಯಲ್ಲಿ ಇಂಥ ಕಾವಲುಗಳು ಬಹಳ ಇದ್ದವು. ಕೆಲವು ಕಾವಲುಗಳಲ್ಲಿ ಅರಮನೆಯ ದನಗಳು ಮೇಯುತ್ತಿದ್ದವು. ಆ ದನಗಳನ್ನು ಸಾಕುವ ಇಲಾಖೆಗೆ ಟಿಪ್ಪು ಸುಲ್ತಾನ ಅಮೃತ ಮಹಲ್ ಎಂದು ಹೆಸರಿಟ್ಟ. ಅಲ್ಲಿ ಬೆಳೆದ ಎತ್ತುಗಳು ಯುದ್ಧದಲ್ಲಿ ಫಿರಂಗಿಗಳನ್ನು ಎಳೆದವು. ಇಂದು ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಇದೆ. ರಾಜ್ಯ ಸರ್ಕಾರ ಜಾಗ ಕೊಟ್ಟಿತು. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ ಕಾರ್ಖಾನೆ ಕಟ್ಟಿತು. 2023ರಲ್ಲಿ ಅದರ ಉದ್ಘಾಟನೆಯಾಯಿತು. ಕಾವಲ್ ಎಂಬ ಈ ಒಂದು ಮಾತು ನಮ್ಮ ಸೀಮೆಯಲ್ಲಿ ಎಲ್ಲೆಲ್ಲಿ ಉಳಿದಿದೆ, ಹೇಗೆ ಉಳಿದಿದೆ ಎಂಬುದನ್ನು ಈಗ ನೋಡೋಣ.”

ಮೊದಲಿನದಕ್ಕಿಂತ ಇದು ಉದ್ದವಾಗಿದೆ, ತಾವು ಗಮನಿಸಿರಬಹುದು. ಸ್ಪಷ್ಟವಾಗುವುದೆಂದರೆ ಚಿಕ್ಕದಾಗುವುದೆಂದು ನಾನೂ ತಿಳಿದಿದ್ದೆ, ಹಾಗೇನಿಲ್ಲ. ಊರಿನ ಹೆಸರು ಎಲ್ಲಕ್ಕೂ ಮೊದಲು ಬಂತು. ಉಳಿದದ್ದನ್ನೆಲ್ಲ ಕೇಳುಗ ಆ ಗೂಟಕ್ಕೆ ಕಟ್ಟಬಹುದು. ಕಾವಲ್ ಎಂಬುದನ್ನು ಬಿಡುವ ಹಾಗಿರಲಿಲ್ಲ. ಭಾಷಣವೇ ಅದರ ಮೇಲೆ ನಿಂತಿದೆ. ಆದ್ದರಿಂದ ಕೇಳುಗನ ಮನಸ್ಸಿಗೆ ಬರುವ ತಪ್ಪು ಅರ್ಥವನ್ನು ನಾನೇ ಮೊದಲು ಹೇಳಿ, ಅದಲ್ಲ ಎಂದು ಪಕ್ಕಕ್ಕಿಟ್ಟೆ. ಮಹಲಿಗೂ ಹಾಗೆಯೇ: ದನ ಮೊದಲು ಬಂತು, ಇಲಾಖೆ ಆಮೇಲೆ, ಹೆಸರು ಕೊನೆಗೆ. ಹೆಸರನ್ನೇ ಮುಂದಿಟ್ಟಿದ್ದರೆ ಅರಮನೆ ಮತ್ತೆ ಎದ್ದು ನಿಲ್ಲುತ್ತಿತ್ತು.

ಇದನ್ನು ನೆರೆಮನೆಯ ವಯಸ್ಸಾದ ತಾಯಿಯೊಬ್ಬರಿಗೆ ಓದಿದೆ. ಚಿಕ್ಕಂದಿನಲ್ಲಿ ದನ ಕಾಯ್ದವರು ಅವರು. ಕೇಳಿ, ತಿರುಗಿ ಹೇಳಿದರು: “ರಾಜರ ದನ ಮೇಯೋ ಬಯಲಿಗೆ ಕಾವಲ್ ಅಂತಿದ್ದರು, ನಮ್ಮ ಗೋಮಾಳ ಅಲ್ಲ ಅದು. ಈಗ ಅಲ್ಲಿ ಸರ್ಕಾರದವರು ಜಾಗ ಕೊಟ್ಟು ಹೆಲಿಕಾಪ್ಟರ್ ಕಾರ್ಖಾನೆ ಆಗಿದೆ. ಇನ್ನು ನೀನು ಬೇರೆ ಕಾವಲುಗಳ ವಿಷಯ ಹೇಳ್ತೀಯ, ಅಲ್ಲವೇನಪ್ಪಾ?” ಮುಂದೆ ಏನು ಬರುತ್ತದೆಂಬುದನ್ನೂ ಅವರೇ ಹೇಳಿಬಿಟ್ಟರು. ಪೀಠಿಕೆ ತನ್ನ ಕೆಲಸ ಮಾಡಿತೆಂಬುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಕಿಲ್ಲ. ಫಿರಂಗಿಯ ವಿಷಯ ಅವರ ಮಾತಿನಲ್ಲಿ ಬರಲಿಲ್ಲ. ಅದನ್ನು ನಾನು ತಿದ್ದಲು ಹೋಗಲಿಲ್ಲ. ಒಬ್ಬರಿಗೆ ಒಂದು ವಿವರ ಮರೆತರೆ ಅದು ಮರೆವು. ಇಬ್ಬರು ಮೂವರು ಒಂದೇ ಕಡೆ ಎಡವಿದರೆ ಅಲ್ಲಿ ಕಲ್ಲಿದೆ ಎಂದು ತಿಳಿಯಬೇಕು. ಮೂರು ಕಿವಿಗಳಾದ ಮೇಲೆ ನಿಲ್ಲಿಸಿದೆ. ನಾಲ್ಕನೆಯವರಿಗೆ, ಐದನೆಯವರಿಗೆ ಎಂದು ತಿದ್ದುತ್ತಾ ಹೋದರೆ ಮಾತಿನ ಸತ್ತ್ವ ಸವೆದು ಹೋಗುತ್ತದೆ.

ಗುಬ್ಬಿ ವೀರಣ್ಣನವರ ಸೀಮೆಯವರು ನಾವು. ತಾಲೀಮಿಲ್ಲದೆ ರಂಗಕ್ಕೆ ಹೋಗಬಾರದೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ತಾಲೀಮಿನಲ್ಲಿ ಪಳಗುವುದು ಆಡುವವನ ಬಾಯಿ. ನಾನು ಹೇಳಿದ ಪರೀಕ್ಷೆಯಲ್ಲಿ ಮಾತಾಡಬೇಕಾದವನು ಕೇಳಿದವನು; ಬರೆದವನು ಸುಮ್ಮನೆ ಕೂರಬೇಕು.

ಸಭೆಯ ದಿನ ನನ್ನ ಕೊಬ್ಬರಿ ವ್ಯಾಪಾರದ ಗೆಳೆಯರೂ ಬಂದು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಮುಗಿದ ಮೇಲೆ ಹತ್ತಿರ ಬಂದು ಮೆಲ್ಲನೆ ಕೇಳಿದರು: “ಎಲ್ಲಾ ಸರಿ ಮೇಷ್ಟ್ರೇ, ಆ ವೇಣು ಏನಾದ?”

ಬಿದಿರಿನ ವಿಚಾರವನ್ನು ಮನೆಗೆ ಹೋಗುವ ದಾರಿಯಲ್ಲಿ ಅವರೊಬ್ಬರಿಗೇ ವಿಸ್ತಾರವಾಗಿ ಹೇಳಿದೆ.